ಪ್ರೊಫೈಲಿನ ಅಂಕಿಗಳೂ ಪಿ.ಎಫ್. ಖಾತೆಯ ತಾರೀಖುಗಳೂ

ಕಲಬುರಗಿ, ರಾಯಚೂರು, ಬೀದರ್ ಜಿಲ್ಲೆಗಳಿಂದ ಹೊರಟು ಬಂದು ಹೈದರಾಬಾದಿನ ಕೂಕಟ್‌ಪಲ್ಲಿಯ ಹಾಸ್ಟೆಲುಗಳಲ್ಲಿ ವಾಸವಾಗಿರುವ ತರುಣರ ತಂದೆತಾಯಿಗಳು ನಮಗೆ ಬರೆಯುವ ಪತ್ರಗಳಲ್ಲಿ ಒಂದೇ ಆತಂಕ ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತಿದೆ. ಸಂದರ್ಶನ ಮುಗಿಯಿತು, ಆಫರ್ ಲೆಟರ್ ಕೈಸೇರಿತು, ಇದ್ದ ಕೆಲಸಕ್ಕೆ ರಾಜೀನಾಮೆಯನ್ನೂ ಕೊಟ್ಟದ್ದಾಯಿತು. ತರುವಾಯ ಹೊಸ ಕಂಪನಿಯವರು ಹಿನ್ನೆಲೆಯ ಪರಿಶೀಲನೆ ನಡೆಸಿ, ಪ್ರೊಫೈಲಿನಲ್ಲಿ ವ್ಯತ್ಯಾಸವಿದೆಯೆಂದು ಆಫರನ್ನೇ ಹಿಂದೆಗೆದುಕೊಂಡರು. ನಮ್ಮ ಹುಡುಗ ಸುಳ್ಳು ಹೇಳುವ ಪೈಕಿಯವನಲ್ಲ, ಹಾಗಿದ್ದರೆ ಇದೇಕಾಯಿತು ಎಂಬುದು ಅವರ ಪ್ರಶ್ನೆ.

ಈ ಊರಿನಲ್ಲಿ ಬಹುಕಾಲ ಕಳೆದಿರುವ ನನ್ನ ಅನುಭವದಲ್ಲಿ, ಪರಿಶೀಲನೆಯಲ್ಲಿ ಸಿಕ್ಕಿಬೀಳುವವರಲ್ಲಿ ಬೇಕೆಂದೇ ಸುಳ್ಳು ಬರೆದವರು ಇದ್ದೇ ಇದ್ದಾರೆ. ಅವರ ವಿಷಯ ಇಂದು ನನಗೆ ಬೇಡ. ಮಿಕ್ಕವರು ನೆನಪಿನಿಂದ ಬರೆದವರು, ಇಲ್ಲವೆ ಪಕ್ಕದ ಮಂಚದ ಮಿತ್ರನನ್ನು ಕೇಳಿ ಬರೆದವರು. ಪರಿಶೀಲಿಸುವವನಾದರೋ ಯಾರ ನೆನಪನ್ನೂ ವಿಚಾರಿಸುವುದಿಲ್ಲ. ಅವನ ಮುಂದಿರುವುದು ದಾಖಲೆ ಮಾತ್ರ. ಇತ್ತೀಚೆಗೆ ನನ್ನ ಬಳಿಗೆ ಬಂದ ರಾಯಚೂರು ಜಿಲ್ಲೆಯ ಒಬ್ಬ ತರುಣನ ಪ್ರೊಫೈಲನ್ನು, ಅವನ ಗುರುತು ಸಿಕ್ಕದಂತೆ, ನಿಮ್ಮ ಮುಂದೆ ಬಿಡಿಸಿಡುತ್ತೇನೆ. "ಸರ್, ನಾ ಒಂದೂ ಸುಳ್ಳ ಬರ್ದಿಲ್ರಿ" ಎಂದೇ ಅವನು ಮಾತು ಆರಂಭಿಸಿದ. ಅದು ನಿಜವೂ ಆಗಿತ್ತು. ಆದರೂ ವರದಿಯಲ್ಲಿ ಅವನ ಹೆಸರಿನೆದುರು ಮೂರು ವ್ಯತ್ಯಾಸಗಳು ದಾಖಲಾಗಿದ್ದವು.

ಮೊದಲನೆಯದು ಅಂಕಗಳದು. ಅವನು 2015ರ ಸ್ಕೀಮಿನಲ್ಲಿ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದಿಂದ ಪದವಿ ಪಡೆದವನು, ಸಿ.ಜಿ.ಪಿ.ಎ. 7.2. ಇದನ್ನು ಶೇಕಡಾಕ್ಕೆ ಪರಿವರ್ತಿಸಬೇಕಾಗಿ ಬಂದಾಗ ಹಾಸ್ಟೆಲಿನ ಸಹವಾಸಿಗಳನ್ನು ಕೇಳಿದ. ಕೂಕಟ್‌ಪಲ್ಲಿಯೆಂದರೆ ಜೆ.ಎನ್.ಟಿ.ಯು. ವಿಶ್ವವಿದ್ಯಾಲಯದ ನೆರೆ, ಅಲ್ಲಿಯ ವಿದ್ಯಾರ್ಥಿಗಳು ತಮ್ಮ ನಿಯಮದಂತೆ 0.5 ಕಳೆದು ಹತ್ತರಿಂದ ಗುಣಿಸೆಂದು ಹೇಳಿದರು. ಇವನು 67 ಎಂದು ಬರೆದ. ಆದರೆ ಅವನ ಸ್ಕೀಮಿನಲ್ಲಿ ಕಳೆಯಬೇಕಾದದ್ದು 0.75, ಹಾಗೆ ಮಾಡಿದರೆ ಬರುವುದು 64.5. ಕಂಪನಿಯ ಅರ್ಹತೆಯ ಗೆರೆ 65 ಇದ್ದುದರಿಂದ, ಈ ಎರಡೂವರೆ ಅಂಕಗಳು ಅವನನ್ನು ಅನರ್ಹರ ಪಟ್ಟಿಯಿಂದ ಅರ್ಹರ ಪಟ್ಟಿಗೆ ದಾಟಿಸಿಬಿಟ್ಟಿದ್ದವು. ಇನ್ನು 64.5 ಅನ್ನು 65 ಎಂದು ಮೇಲಕ್ಕೆ ಎತ್ತಿಕೊಳ್ಳಬಹುದಲ್ಲವೆ ಎಂದು ಕೇಳುವವರಿಗೆ ನನ್ನ ಉತ್ತರ: ಗೆರೆಯ ಮೇಲಿರುವ ಅಂಕಿಯನ್ನು ಎತ್ತಬಾರದು. ನಿಮ್ಮ ವಿಶ್ವವಿದ್ಯಾಲಯದ, ನಿಮ್ಮ ಸ್ಕೀಮಿನ ಸೂತ್ರವನ್ನು ನೋಡಿ ಲೆಕ್ಕ ಮಾಡಿ. ಸಂದೇಹವಿದ್ದರೆ ಶೇಕಡಾವನ್ನೇ ಬಿಟ್ಟು ಅಂಕಪಟ್ಟಿಯಲ್ಲಿರುವ ಸಿ.ಜಿ.ಪಿ.ಎ.ಯನ್ನೇ ಬರೆಯಿರಿ. ಸತ್ಯವನ್ನು ಬರೆದಿದ್ದರೆ ಆ ಕಂಪನಿಗೆ ಅರ್ಜಿ ಹಾಕುವುದೇ ಆಗುತ್ತಿರಲಿಲ್ಲವೆಂಬುದು ನಿಜ. ಆದರೆ ಇದ್ದ ಕೆಲಸ ಉಳಿಯುತ್ತಿತ್ತು.

ಎರಡನೆಯದು ಮತ್ತು ಮೂರನೆಯದು ಒಂದೇ ಬೇರಿನಿಂದ ಹುಟ್ಟಿದವು, ಮತ್ತು ಈ ಬೇರಿನ ವಿಷಯವನ್ನು ನಾನು ಎಷ್ಟು ಸಲ ಹೇಳಿದರೂ ಹುಡುಗರು ಕಿವಿಗೆ ಹಾಕಿಕೊಳ್ಳದಿರುವುದರಿಂದ, ಇಂದು ಸ್ವಲ್ಪ ವಿಸ್ತಾರವಾಗಿಯೇ ಹೇಳುತ್ತೇನೆ. ಈ ತರುಣ ತನ್ನ ಪ್ರೊಫೈಲಿನಲ್ಲಿ, ಆಗಸ್ಟ್ 2019ರಿಂದ ಡಿಸೆಂಬರ್ 2022ರವರೆಗೆ ಒಂದು ದೊಡ್ಡ ಬ್ಯಾಂಕಿನಲ್ಲಿ ಮೂರೂವರೆ ವರ್ಷಗಳ ಅನುಭವವೆಂದು ಬರೆದಿದ್ದ. ಅವನು ಪ್ರತಿದಿನ ಹೋಗಿ ಕುಳಿತದ್ದು ಆ ಬ್ಯಾಂಕಿನ ಕಟ್ಟಡದಲ್ಲಿಯೇ. ಕೊರಳಲ್ಲಿ ತೂಗಿದ ಗುರುತಿನ ಚೀಟಿಯ ಮೇಲೆ ಆ ಬ್ಯಾಂಕಿನ ಹೆಸರೇ. ಅವನಿಗೆ ಕೆಲಸ ಹೇಳಿದ ಮ್ಯಾನೇಜರ್ ಆ ಬ್ಯಾಂಕಿನವರೇ. ಆದರೆ ಸಂಬಳ ಕೊಟ್ಟವರು ಯಾರು? ಗುತ್ತಿಗೆಯ ಮೇಲೆ ಜನರನ್ನು ಒದಗಿಸುವ ಬೇರೊಂದು ಕಂಪನಿ. ಪೇಸ್ಲಿಪ್ಪಿನ ತಲೆಯ ಮೇಲಿದ್ದುದು, ಪಿ.ಎಫ್. ಕಟ್ಟಿದ್ದು, ಕೊನೆಗೆ ರಿಲೀವಿಂಗ್ ಲೆಟರ್ ಕೊಟ್ಟದ್ದು, ಎಲ್ಲವೂ ಆ ಕಂಪನಿಯೇ. ಪರಿಶೀಲಿಸುವವರು ಬ್ಯಾಂಕಿಗೆ ಬರೆದರು, ಬ್ಯಾಂಕಿನ ಎಚ್.ಆರ್. ವಿಭಾಗ ತನ್ನ ನೌಕರರ ಪಟ್ಟಿಯನ್ನು ನೋಡಿ, ಈ ಹೆಸರಿನವರು ನಮ್ಮಲ್ಲಿ ಇರಲಿಲ್ಲವೆಂದು ಉತ್ತರಿಸಿತು. ಸುಳ್ಳು ಹೇಳಿದವರು ಯಾರೂ ಇಲ್ಲ. ಆದರೂ ವರದಿಯಲ್ಲಿ ಸುಳ್ಳಿನ ಬಣ್ಣವೇ ಬಿದ್ದಿತು.

ಪುನಃ ಹೇಳುತ್ತೇನೆ: ನಿಮ್ಮ ಉದ್ಯೋಗದಾತರು ಯಾರೆಂದು ತೀರ್ಮಾನಿಸುವುದು ನೀವು ಕುಳಿತ ಕುರ್ಚಿಯಿಂದಲ್ಲ, ಪಿ.ಎಫ್. ಕಟ್ಟಿದ ಕೈಯಿಂದ. ಪಿ.ಎಫ್. ಸಂಸ್ಥೆ 2014ರಿಂದ ಪ್ರತಿ ಸದಸ್ಯನಿಗೂ ಯು.ಎ.ಎನ್. ಎಂಬ ಒಂದೇ ಸಂಖ್ಯೆಯನ್ನು ಕೊಡುತ್ತಿದೆ. ನೀವು ಎಷ್ಟು ಕಂಪನಿ ಬದಲಾಯಿಸಿದರೂ ಸಂಖ್ಯೆ ಅದೇ. ಅದರ ಸದಸ್ಯ ಪೋರ್ಟಲಿನಲ್ಲಿ ಸರ್ವಿಸ್ ಹಿಸ್ಟರಿ ಎಂಬ ಪುಟವಿದೆ. ಅದರಲ್ಲಿ ನಿಮ್ಮ ಪ್ರತಿಯೊಂದು ಸಂಸ್ಥೆಯ ಹೆಸರು, ಸೇರಿದ ತಾರೀಖು, ಬಿಟ್ಟ ತಾರೀಖು ಸಾಲಾಗಿ ನಿಂತಿರುತ್ತವೆ. ಹೊಸ ಕಂಪನಿಯವರು ಬಹುಪಾಲು ಈ ಪುಟವನ್ನೇ ನಿಮ್ಮಿಂದ ಕೇಳುತ್ತಾರೆ. ಆದಕಾರಣ ಅವರಿಗಿಂತ ಮೊದಲು ನೀವು ಅದನ್ನು ತೆರೆದು, ಪ್ರೊಫೈಲನ್ನು ಪಕ್ಕದಲ್ಲಿಟ್ಟುಕೊಂಡು, ಬೆರಳಿಟ್ಟು ಒಂದೊಂದು ಸಾಲನ್ನೂ ಹೋಲಿಸತಕ್ಕದ್ದು. ಪಾಸ್‌ಬುಕ್ಕಿನಲ್ಲಿ ಹಣ ಜಮೆಯಾದ ತಿಂಗಳನ್ನು ಸೇರಿದ ತಿಂಗಳೆಂದು ತಿಳಿಯಬೇಡಿ. ಒಂದು ತಿಂಗಳ ವೇತನದ ವಂತಿಗೆಯನ್ನು ಮುಂದಿನ ತಿಂಗಳ 15ರೊಳಗೆ ಕಟ್ಟುವುದು ನಿಯಮ, ಆದ್ದರಿಂದ ಜಮೆ ಯಾವಾಗಲೂ ಹಿಂದೆ ಬೀಳುತ್ತದೆ.

ಮೂರನೆಯ ವ್ಯತ್ಯಾಸ ಇಲ್ಲಿಯದೇ: ನಮ್ಮ ತರುಣನ ಸರ್ವಿಸ್ ಹಿಸ್ಟರಿಯಲ್ಲಿ ಇದ್ದ ಸೇರಿದ ತಾರೀಖು 10 ಫೆಬ್ರವರಿ 2020. ಆಗಸ್ಟಿನಿಂದ ಅಲ್ಲಿಯವರೆಗಿನ ಆರು ತಿಂಗಳು ಅವನು ಸ್ಟೈಪೆಂಡ್ ಪಡೆಯುತ್ತಿದ್ದ ತರಬೇತಾರ್ಥಿ. ಆ ಅವಧಿಗೆ ಪಿ.ಎಫ್. ಇರಲಿಲ್ಲ. ಬಿಟ್ಟದ್ದು 31 ಡಿಸೆಂಬರ್ 2022ರಂದು. ಲೆಕ್ಕ ಹಾಕಿದರೆ ನೌಕರಿಯ ಅವಧಿ ಎರಡು ವರ್ಷ ಹನ್ನೊಂದು ತಿಂಗಳಿಗೂ ಕೆಲವು ದಿನ ಕಡಿಮೆ. ಮೂರೂವರೆ ಎಂಬುದು ತರಬೇತಿಯನ್ನು ಸೇರಿಸಿ, ಮೇಲೆ ಅರ್ಧದವರೆಗೆ ಎಳೆದದ್ದು. ಅದನ್ನು ಬರೆಯಬೇಕಾದ ರೀತಿ ಹೀಗೆ: ಆಗಸ್ಟ್ 2019ರಿಂದ ತರಬೇತಿ, ಕೊಟ್ಟವರ ಹೆಸರು, 10 ಫೆಬ್ರವರಿ 2020ರಿಂದ ನೌಕರಿ, ಪೇಸ್ಲಿಪ್ಪಿನಲ್ಲಿರುವ ಕಂಪನಿಯ ಪೂರ್ಣ ಹೆಸರು, ಹುದ್ದೆ ಅಪಾಯಿಂಟ್‌ಮೆಂಟ್ ಲೆಟರಿನಲ್ಲಿರುವಂತೆ, ಅದರ ಕೆಳಗೆ, ಇಂಥ ಬ್ಯಾಂಕಿನಲ್ಲಿ ನಿಯೋಜಿತ ಎಂದು. ಬ್ಯಾಂಕಿನ ಹೆಸರು ಎಲ್ಲಿಯೂ ಹೋಗಲಿಲ್ಲ, ತನ್ನ ಸ್ಥಾನದಲ್ಲಿ ಕುಳಿತಿತು, ಅಷ್ಟೆ.

ಇಲ್ಲಿ ಒಂದು ಮೂಢನಂಬಿಕೆಯನ್ನು ಕುರಿತು ನನ್ನ ಅಸಹನೆಯನ್ನು ಬಚ್ಚಿಡಲಾರೆ. ಯಾವುದೋ ಕಾಲ್ ಸೆಂಟರಿನಲ್ಲಿ ಆರು ವಾರ ದುಡಿದು ಬಿಟ್ಟವರು, ಅದು ಯಾರಿಗೂ ತಿಳಿಯದೆಂದು ಅಡಗಿಸಿಡುತ್ತಾರೆ. ಅಲ್ಲಿ ಪಿ.ಎಫ್. ಕಟ್ಟಿದ್ದರೆ ಆ ಸಾಲು ನಿಮ್ಮ ಹಿಸ್ಟರಿಯಲ್ಲಿ ಕುಳಿತೇ ಇದೆ. ಪ್ರೊಫೈಲಿನಲ್ಲಿ ಅದನ್ನು ಬಿಡುವುದು ನಿಮ್ಮ ಇಚ್ಛೆ. ಆದರೆ ಪರಿಶೀಲನೆಯ ಫಾರಂ ಎಲ್ಲ ಉದ್ಯೋಗಗಳನ್ನೂ ತಿಳಿಸಿರೆಂದು ಕೇಳಿದಾಗ ಬಿಡಕೂಡದು. ಕಂಪನಿ ಮುಚ್ಚಿಹೋಗಿದೆ, ಇನ್ನಾರು ಹೇಳುತ್ತಾರೆ ಎನ್ನುವವರ ಧೈರ್ಯವೂ ಇಂಥದೇ: ಕೇಂದ್ರ ಸರ್ಕಾರದ ಕಂಪನಿ ವ್ಯವಹಾರಗಳ ಮಂತ್ರಾಲಯದ ತಾಣದಲ್ಲಿ ಯಾವ ಕಂಪನಿ ಯಾವಾಗ ನೋಂದಣಿಯಾಯಿತು, ಅದರ ಸ್ಥಿತಿಯೇನು ಎಂಬುದನ್ನು ನೋಡಬಹುದು. ಕಂಪನಿ ಹುಟ್ಟುವ ಮೊದಲೇ ಅದರಲ್ಲಿ ದುಡಿದ ಅನುಭವಿಗಳನ್ನು ನಾನು ಕಂಡಿದ್ದೇನೆ.

ಹಾಗೆಂದು ಪಿ.ಎಫ್. ಇಲ್ಲದ ಕೆಲಸವೆಲ್ಲ ಸುಳ್ಳೆಂದು ಭಾವಿಸಬಾರದು. ಇಪ್ಪತ್ತಕ್ಕಿಂತ ಕಡಿಮೆ ನೌಕರರಿರುವ ಸಂಸ್ಥೆಗಳಿಗೆ ಪಿ.ಎಫ್. ಕಾಯಿದೆ ಸಾಮಾನ್ಯವಾಗಿ ಅನ್ವಯಿಸದು. ಮೊದಲ ಸಲ ಸೇರುವಾಗಲೇ ವೇತನ 15,000 ರೂಪಾಯಿಯ ಮಿತಿಯನ್ನು ಮೀರಿದವನು ಹೊರಗುಳಿಯಲೂಬಹುದು. ಅಂಥವರು ಸಂಬಳ ಜಮೆಯಾದ ಬ್ಯಾಂಕ್ ಸ್ಟೇಟ್‌ಮೆಂಟನ್ನು, ತೆರಿಗೆ ಕಡಿತವಾಗಿದ್ದರೆ ಫಾರಂ 16ನ್ನು ಮುಂಚೆಯೇ ಕೂಡಿಟ್ಟಿರಬೇಕು. ಮತ್ತೆ, ಹಿಸ್ಟರಿಯ ತಾರೀಖೇ ತಪ್ಪಿರುವುದೂ ಉಂಟು. ಹಳೆಯ ಕಂಪನಿಯೊಡನೆ ಜಂಟಿ ಘೋಷಣೆ ಸಲ್ಲಿಸಿ ಅದನ್ನು ತಿದ್ದಿಸಬಹುದು. ಆದರೆ ಅದಕ್ಕೆ ಕಾಲ ಹಿಡಿಯುತ್ತದೆ, ಆಫರ್ ಬಂದ ಮೇಲೆ ಓಡಾಡಿದರೆ ಸಾಲದು.

ಪಿ.ಎಫ್. ವಿಷಯಕ್ಕೇ ಸಮಯ ಬಹಳ ಹೋಯಿತು. ಸಂದರ್ಶನದ ಮಾತನ್ನು ಬೇಗ ಮುಗಿಸಬೇಕಾಗಿದೆ. ಕೆ.ಪಿ.ಎಚ್.ಬಿ. ಕಾಲೊನಿಯ ಜೆರಾಕ್ಸ್ ಅಂಗಡಿಗಳಲ್ಲಿ ರೆಸ್ಯೂಮ್ ಅಚ್ಚುಹಾಕಿಸಲು ಸಾಲು ನಿಂತಿರುತ್ತದೆ. ಮುಂದಿನವನು ಕಂಪ್ಯೂಟರಿನಲ್ಲಿ ಬಿಟ್ಟುಹೋದ ಕಡತವನ್ನೇ ತೆರೆದು, ಹೆಸರೂ ಫೋನ್ ನಂಬರೂ ಬದಲಿಸಿ, ಹಿಂದಿನವನು ತನ್ನದನ್ನು ಸಿದ್ಧಪಡಿಸುತ್ತಾನೆ. ಹೀಗಾಗಿ 'ಸಮಯವನ್ನು ಶೇಕಡಾ 40ರಷ್ಟು ಉಳಿಸಿದೆನು' ಎಂಬ ವಾಕ್ಯ ಒಬ್ಬರಿಂದೊಬ್ಬರಿಗೆ ಹರಿದುಬಂದು ಎಷ್ಟೋ ಜನರ ಪ್ರೊಫೈಲಿನಲ್ಲಿ ನೆಲೆಸಿದೆ. ನಮ್ಮ ತರುಣನದರಲ್ಲಿಯೂ ಇತ್ತು. ಮೊದಲು ಎಷ್ಟು ಹೊತ್ತು ಹಿಡಿಯುತ್ತಿತ್ತು, ಆಮೇಲೆ ಎಷ್ಟಾಯಿತು, ಅಳೆದವರು ಯಾರು, ನಿಮ್ಮ ಪಾಲೆಷ್ಟು ಎಂದು ನಾನು ಕೇಳಿದೆ. ಅವನು ತುಸು ಯೋಚಿಸಿ, ಬ್ಯಾಂಕಿನ ದಿನದ ವರದಿ ಸಿದ್ಧವಾಗಲು 50 ನಿಮಿಷ ಹಿಡಿಯುತ್ತಿದ್ದುದು 35ಕ್ಕೆ ಇಳಿಯಿತೆಂದೂ, ಆ ಕೆಲಸ ಮಾಡಿದವರು ತಾನೂ ಇನ್ನೊಬ್ಬ ಸಹೋದ್ಯೋಗಿಯೂ ಎಂದೂ ಹೇಳಿದ. 50ರಲ್ಲಿ 15 ಎಂದರೆ ಶೇಕಡಾ 30. ಅಷ್ಟೇ ಹೊತ್ತಿನಲ್ಲಿ ಎಷ್ಟು ಹೆಚ್ಚು ವರದಿಗಳಾಗುತ್ತವೆಂದು ಲೆಕ್ಕ ಹಾಕಿದರೆ ಸುಮಾರು 43 ಬರುತ್ತದೆ. ಸಮಯದ ಉಳಿತಾಯಕ್ಕೂ ವೇಗದ ಹೆಚ್ಚಳಕ್ಕೂ ಇರುವ ಈ ಅಂತರವನ್ನು ಸಂದರ್ಶಕನು ಕೂಡಲೇ ಹಿಡಿಯುತ್ತಾನೆ. ಶೇಕಡಾವನ್ನು ಅಳಿಸಿ, 'ದಿನದ ವರದಿಯ ಅವಧಿ 50ರಿಂದ 35 ನಿಮಿಷಕ್ಕೆ ಇಳಿದ ಕಾರ್ಯದಲ್ಲಿ ಇಬ್ಬರಲ್ಲೊಬ್ಬ' ಎಂದು ಬರೆಸಿದೆ. ಚಿಕ್ಕದಾಗಿ ಕಾಣುತ್ತದಲ್ರೀ ಸರ್ ಎಂದು ಅವನು ಮುಖ ಸಣ್ಣದು ಮಾಡಿದ. ಕಾಣಲಿ; ಇದರ ಮೇಲೆ ಯಾವ ಪ್ರಶ್ನೆ ಬಂದರೂ ಅವನು ಹತ್ತು ನಿಮಿಷ ಮಾತನಾಡಬಲ್ಲ.

ಕೊನೆಯದಾಗಿ, ರೆಫರೆನ್ಸ್ ಎಂದು ಹಳೆಯ ಮ್ಯಾನೇಜರರ ಹೆಸರನ್ನು ಕೊಡುವವರು, ಅವರ ಅನುಮತಿ ಕೇಳಿದರೆ ಸಾಲದು. ಅಂಕಿಯುಳ್ಳ ಆ ವಾಕ್ಯವನ್ನು ಫೋನಿನಲ್ಲಿ ಅವರಿಗೆ ಓದಿಹೇಳಬೇಕು. ಅವರು 'ಹೌದು, ಅಷ್ಟೇ ಆಗಿತ್ತು' ಎಂದರೆ ಇರಲಿ, 'ಅಷ್ಟಾಗಿತ್ತೇನು?' ಎಂದು ಕೇಳಿದರೆ, ಅವರ ನೆನಪಿನಲ್ಲಿರುವ ಅಂಕಿ ಯಾವುದೆಂದು ಕೇಳಿಕೊಂಡು, ಹಳೆಯ ಮೇಲುಗಳಲ್ಲಿ ಹುಡುಕಿ ಸರಿಪಡಿಸಿಕೊಳ್ಳಿ. ಅವರ ಆಫೀಸಿನ ಇ-ಮೇಲ್ ವಿಳಾಸವನ್ನೇ ಬರೆಯಿರಿ. ಜಿಮೇಲ್ ವಿಳಾಸ ಮಾತ್ರ ಕೊಟ್ಟರೆ, ಉತ್ತರಿಸಿದವರು ಅವರೇ ಎಂಬುದಕ್ಕೆ ಆಧಾರವೇನೆಂದು ಪರಿಶೀಲಿಸುವವನು ಮತ್ತೊಂದು ಸುತ್ತು ಆರಂಭಿಸುತ್ತಾನೆ.