ಹಳೆಯ ಬಿಲ್ಲಿಗೇ ಮೊದಲು ಹಣ ಕೊಡಬೇಕೇ?

ಕುಂದಾಪುರದ ಸುತ್ತಮುತ್ತ ಗೇರುಬೀಜದ ಕಾರ್ಖಾನೆಗಳು ಹಲವಿವೆ. ವಾರಾಹಿ ಹೊಳೆಯ ಬದಿಗೆ, ಹಟ್ಟಿಯಂಗಡಿಯಲ್ಲಿ, ಅಂಥದ್ದೊಂದು ಸಣ್ಣ ಕಾರ್ಖಾನೆ ಇದೆಯೆಂದು ಲೆಕ್ಕಕ್ಕಾಗಿ ಇಟ್ಟುಕೊಳ್ಳೋಣ. ಮೇ ತಿಂಗಳು. ಮಳೆ ಹಿಡಿಯುವ ಮೊದಲು ಊರಿನ ಬೀಜ ಕೊಂಡು ಒಣಗಿಸಿ ಗೋದಾಮಿಗೆ ಹಾಕಬೇಕು. ದುಡ್ಡೆಲ್ಲ ಬೀಜದಲ್ಲಿ ಕೂತಿದೆ, ತಿರುಳು ಮಾರಿದ ಹಣ ಇನ್ನೂ ಬಂದಿಲ್ಲ. ಕೂಲಿ, ಕರೆಂಟಿಗೆ ತೆಗೆದಿಟ್ಟ ಮೇಲೆ ಬ್ಯಾಂಕಿನಲ್ಲಿ ಉಳಿದದ್ದು 3,20,000 ರೂಪಾಯಿ. ಕೊಡಬೇಕಾದದ್ದು 4,84,000.

ಇಂಥ ಹೊತ್ತಿನಲ್ಲಿ ಲೆಕ್ಕ ಬರೆಯುವವರು ಕಂಪ್ಯೂಟರಿನಿಂದ ಬಾಕಿಯ ವಯಸ್ಸಿನ ಪಟ್ಟಿ ತೆಗೆದುಕೊಡುತ್ತಾರೆ. ಯಾರ ಬಿಲ್ಲು 30 ದಿನದೊಳಗಿನದು, ಯಾರದು 60 ದಾಟಿದೆ, ಯಾರದು 90 ದಾಟಿದೆ ಎಂದು ಅದರಲ್ಲಿ ಸಾಲುಸಾಲಾಗಿ ಇರುತ್ತದೆ. ನಮ್ಮ ಕಾರ್ಖಾನೆಯ ಪಟ್ಟಿಯಲ್ಲಿ ಎಲ್ಲಕ್ಕಿಂತ ಹಳೆಯದು ಯಂತ್ರದ ಬಿಡಿಭಾಗ ಕಳಿಸಿದ ಕಂಪನಿಯದು: 1,50,000, 95 ದಿನ. ಲಾರಿಯವರದು 36,000, 62 ದಿನ. ತಿರುಳು ತುಂಬುವ ಡಬ್ಬಿ ಮಾಡಿಕೊಡುವ ಸಣ್ಣ ಘಟಕದ್ದು 80,000, 41 ದಿನ. ಬಾಯ್ಲರಿಗೆ ಸೌದೆ ಹಾಕಿದ ಪಕ್ಕದೂರಿನವರದು 18,000, 20 ದಿನ. ಬೀಜದ ವ್ಯಾಪಾರಿಯದು 2,00,000, ಬರೀ 4 ದಿನ.

ಹಳೆಯದನ್ನು ಮೊದಲು ತೀರಿಸೋಣ ಎಂದು ಹೊರಟರೆ ಬಿಡಿಭಾಗದವರಿಗೇ ಅರ್ಧ ಹಣ ಹೋಗುತ್ತದೆ, ಬೀಜದ ವ್ಯಾಪಾರಿ ಕೊನೆಗೆ ಉಳಿಯುತ್ತಾರೆ. ನನ್ನ ಪ್ರಕಾರ ಇದು ತಪ್ಪು ದಾರಿ. ಬಿಲ್ಲು ಎಷ್ಟು ಹಳೆಯದು ಎಂದಷ್ಟೇ ಆ ಪಟ್ಟಿ ಹೇಳುತ್ತದೆ. ತಡ ಮಾಡಿದರೆ ನಮಗೆ ಬೀಳುವ ನಷ್ಟ ಎಷ್ಟು ಎಂಬುದನ್ನು ನಾವೇ ಪಕ್ಕದಲ್ಲಿ ಬರೆದುಕೊಳ್ಳಬೇಕು.

ಬೀಜದ ವ್ಯಾಪಾರಿಯ ಬಿಲ್ಲನ್ನೇ ನೋಡಿ. ವಾಯಿದೆ 30 ದಿನ, ಆದರೆ 10 ದಿನದೊಳಗೆ ಕೊಟ್ಟರೆ ನೂರಕ್ಕೆ 2 ರೂಪಾಯಿ ಬಿಡುತ್ತಾರೆ. ಅಂದರೆ 1,96,000 ಕೊಟ್ಟರೆ ಸಾಕು. ಬಿಟ್ಟುಬಿಟ್ಟರೆ, ಇನ್ನು 20 ದಿನ ಆ ಹಣ ಕೈಯಲ್ಲಿಟ್ಟುಕೊಂಡದ್ದಕ್ಕೆ 4,000 ತೆತ್ತ ಹಾಗೆ. ವರ್ಷದ ಲೆಕ್ಕಕ್ಕೆ ತಂದರೆ ಇದು ಶೇಕಡಾ 37ರ ಬಡ್ಡಿ. ಅದೇ ಮೊತ್ತವನ್ನು ಬ್ಯಾಂಕಿನ ಓವರ್‌ಡ್ರಾಫ್ಟಿನಿಂದ ಶೇಕಡಾ 12ರಂತೆ 20 ದಿನಕ್ಕೆ ಪಡೆದರೂ ಬಡ್ಡಿ ಸುಮಾರು 1,300. ಸಾಲ ಮಾಡಿ ಕೊಟ್ಟರೂ ಲಾಭವೇ. ಹಾಗೆಂದು ಇವತ್ತೇ ಕೊಡಬೇಕಿಲ್ಲ. ಒಂಬತ್ತನೆಯ ದಿನಕ್ಕೆ ಗೊತ್ತುಮಾಡಿದರೆ ಸಾಕು. ಚೆಕ್ಕಾದರೆ ಅದು ಕೈಸೇರಿದ ದಿನ ಲೆಕ್ಕವೋ, ಹಣ ಜಮೆಯಾದ ದಿನವೋ ಎಂದು ಮೊದಲೇ ಕೇಳಿಟ್ಟುಕೊಳ್ಳಿ. ರಿಯಾಯಿತಿ ಕೈತಪ್ಪುವುದು ಹೆಚ್ಚಾಗಿ ಆ ಒಂದೆರಡು ದಿನದಲ್ಲೇ.

ಅದಕ್ಕೂ ಮುಂಚೆ ಡಬ್ಬಿಯವರಿಗೆ ಹಣ ಹೋಗಬೇಕು. ಅವರದು ಉದ್ಯಮ್ ನೋಂದಣಿ ಇರುವ ಸಣ್ಣ ತಯಾರಿಕಾ ಘಟಕ. 2006ರ ಎಂಎಸ್‌ಎಂಇ ಅಭಿವೃದ್ಧಿ ಕಾಯ್ದೆಯ ಪ್ರಕಾರ, ಲಿಖಿತ ಒಪ್ಪಂದ ಇದ್ದರೂ 45 ದಿನಕ್ಕಿಂತ ಹೆಚ್ಚು ಕಾಯಿಸುವಂತಿಲ್ಲ. ಒಪ್ಪಂದ ಇಲ್ಲದಿದ್ದರೆ 15 ದಿನ. ಮೀರಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು, ತಿಂಗಳಿಗೊಮ್ಮೆ ಚಕ್ರಬಡ್ಡಿ. 2023ರ ಹಣಕಾಸು ಕಾಯ್ದೆಯ ತಿದ್ದುಪಡಿ ಬಂದ ಮೇಲೆ ಇನ್ನೂ ಒಂದು ಪೆಟ್ಟಿದೆ: ಗಡುವು ಮೀರಿದ ಬಾಕಿ ಮಾರ್ಚ್ 31ಕ್ಕೂ ಉಳಿದರೆ ಆ ವರ್ಷದ ಖರ್ಚಿನಲ್ಲಿ ಅದನ್ನು ಕಳೆಯಲು ಬಿಡುವುದಿಲ್ಲ, ಕೊಟ್ಟ ವರ್ಷದಲ್ಲಷ್ಟೇ ಸಿಗುತ್ತದೆ. ಕೊಂಡು ಮಾರುವ ವ್ಯಾಪಾರಿಗಳಿಗೆ ಈ ರಕ್ಷಣೆ ಇಲ್ಲ. ಆದ್ದರಿಂದ ನಮ್ಮ ಬೀಜದ ವ್ಯಾಪಾರಿಯ ಬಿಲ್ಲಿಗೆ ಇದು ತಾಗದು. ಒಂದು ಸೂಕ್ಷ್ಮ: ಕಂಪ್ಯೂಟರು ಸಾಮಾನ್ಯವಾಗಿ ಬಿಲ್ಲಿನ ತಾರೀಕಿನಿಂದ ಎಣಿಸುತ್ತದೆ, ಕಾಯ್ದೆ ಸರಕು ಒಪ್ಪಿಕೊಂಡ ದಿನದಿಂದ ಎಣಿಸುತ್ತದೆ.

ಇವೆರಡಕ್ಕೆ 2,76,000 ಹೋಯಿತು. ಉಳಿದ 44,000ದಲ್ಲಿ ಸೌದೆಯವರ 18,000 ಪೂರ್ತಿ ಕೊಟ್ಟುಬಿಡಿ ಎನ್ನುತ್ತೇನೆ. ಮೊತ್ತ ಸಣ್ಣದು, ಆದರೆ ಮಳೆಗಾಲದ ಮೊದಲು ಒಣಸೌದೆ ಬಾರದೆ ಬಾಯ್ಲರು ನಿಂತರೆ ಬೀಜ ಬೇಯುವುದಿಲ್ಲ. ಲಾರಿಯವರು ಎರಡು ತಿಂಗಳು ಕಾದಿದ್ದಾರೆ. "ದುಡ್ಡ್ ಯಾವಾಗ ಕೊಡ್ತ್ರಿ ಮರಾಯ್ರೆ?" ಎಂದು ಅವರೇ ಕೇಳುವವರೆಗೆ ಬಿಡದೆ, 20,000 ಹಾಕಿ, ಉಳಿದ 16,000ಕ್ಕೆ ತಾರೀಕು ಹೇಳಿ ಫೋನು ಮಾಡಬೇಕು. ಹೇಳಿದ ತಾರೀಕಿಗೆ ಕೊಡಲೂ ಬೇಕು. ಖಾತೆಯಲ್ಲಿ 6,000 ಉಳಿಯುತ್ತದೆ.

ಇನ್ನು 95 ದಿನದ ಬಿಲ್ಲು. ಅದರಲ್ಲಿ ಕೆಲವು ಬಿಡಿಭಾಗ ಸರಿಹೊಂದದೆ ವಾಪಸು ಹೋಗಿವೆ, ಆ ಮೊತ್ತ ಬಿಲ್ಲಿನಿಂದ ಇಳಿದಿಲ್ಲ. ಅದು ಇಳಿಯುವ ತನಕ ಎಷ್ಟು ಕೊಡಬೇಕೆಂಬುದೇ ಗೊತ್ತಿಲ್ಲ. ಕಂಪನಿ ದೊಡ್ಡದಾದ್ದರಿಂದ 45 ದಿನದ ನಿಯಮ ಇಲ್ಲಿಲ್ಲ. ಕಳಿಸಿದವರು ಸಣ್ಣ ಘಟಕವೇ ಆಗಿದ್ದರೆ, ಸರಕು ಬಂದ 15 ದಿನದೊಳಗೆ ತಕರಾರನ್ನು ಬರೆದು ಕಳಿಸಿರಬೇಕಿತ್ತು. ಫೋನಿನಲ್ಲಿ ಹೇಳಿದ್ದು ಲೆಕ್ಕಕ್ಕೆ ಬರುವುದಿಲ್ಲ. ಈ ಬಿಲ್ಲನ್ನೂ ಮರೆತು ಬಿಡುವ ಹಾಗಿಲ್ಲ: ಬಿಲ್ಲಿನ ದಿನದಿಂದ 180 ದಿನದೊಳಗೆ ಪಾವತಿಯಾಗದಿದ್ದರೆ, ಅದರ ಮೇಲೆ ಪಡೆದ ಜಿಎಸ್‌ಟಿ ಜಮೆಯನ್ನು ಬಡ್ಡಿ ಸಹಿತ ವಾಪಸು ಕಟ್ಟಬೇಕು. ಇನ್ನೂ 85 ದಿನ ಇದೆ. ಲೆಕ್ಕ ಸರಿಪಡಿಸಿಕೊಡಿ ಎಂಬ ಪತ್ರ ಮಾತ್ರ ಈ ವಾರವೇ ಹೋಗಲಿ.