ಒಂದು ನಿಮಿಷದ ತಯಾರಿ, ಒಂದು ನಿಮಿಷದ ಮಾತು

(ನಮ್ಮ ಮಾಸಿಕ ಸಭೆಯಲ್ಲಿ ಸದಸ್ಯರಿಗಾಗಿ ಮಾಡಿದ ಮಾತಿನ ಬರಹ ರೂಪ)



ನಮ್ಮ ಸಭೆಗಳಲ್ಲಿ ಮೈಕ್ ಹೇಗೆ ಕೈಗೆ ಬರುತ್ತದೆ ಅಂತ ನಿಮಗೆ ಗೊತ್ತು. ಕಾರ್ಯಕ್ರಮದ ಪಟ್ಟಿಯಲ್ಲಿ ಹೆಸರು ಇರುವುದಿಲ್ಲ. ನಿರೂಪಕರು ಹತ್ತಿರ ಬಂದು ಕಿವಿಯಲ್ಲಿ, "ಇವರು ಮುಗಿಸಿದ ಮೇಲೆ ನೀವು ಒಂದು ನಿಮಿಷ ಎರಡು ಮಾತಾಡಿ" ಅನ್ನುತ್ತಾರೆ. ವೇದಿಕೆಯಲ್ಲಿರುವವರು ಮುಗಿಸಲು ಇನ್ನು ಒಂದು ನಿಮಿಷ ಇರುತ್ತದೆ. ಆ ಒಂದು ನಿಮಿಷದಲ್ಲಿ ಏನು ಮಾಡಬೇಕು ಅನ್ನುವುದಷ್ಟೇ ನನ್ನ ಇವತ್ತಿನ ವಿಷಯ.

ಮೊದಲು ಒಂದು ನಿಮಿಷ ಅಂದರೆ ಎಷ್ಟು ಅಂತ ನೋಡೋಣ. ನಾನು ಲೆಕ್ಕ ಬರೆಯುವವನು, ಹಾಗಾಗಿ ಅಳೆಯದೆ ಸಮಾಧಾನ ಆಗುವುದಿಲ್ಲ. ಫೋನಿನಲ್ಲಿ ರೆಕಾರ್ಡ್ ಮಾಡಿ ಎಣಿಸಿದರೆ, ಅವಸರ ಇಲ್ಲದೆ ಕನ್ನಡ ಮಾತಾಡುವಾಗ ನನಗೆ ಒಂದು ನಿಮಿಷಕ್ಕೆ ಸಿಗುವುದು ಸುಮಾರು 90 ಪದ. ಅಂದರೆ ಹತ್ತು ಹನ್ನೆರಡು ವಾಕ್ಯ. ಈಗ ನಮ್ಮ ಅಭ್ಯಾಸ ನೋಡಿ. "ವೇದಿಕೆಯಲ್ಲಿ ಆಸೀನರಾಗಿರುವ ಮಾನ್ಯ ಅಧ್ಯಕ್ಷರೇ, ಊರಿನಿಂದ ಬಂದಿರುವ ಮುಖ್ಯ ಅತಿಥಿಗಳೇ, ಪದಾಧಿಕಾರಿಗಳೇ, ಸಹೋದರರೇ" ಅಂತ ಹೇಳಿ, "ನನಗೆ ಮಾತಾಡಿ ಅಭ್ಯಾಸ ಇಲ್ಲ, ಈಗ ಒಮ್ಮೆಲೇ ಕರೆದರು, ತಯಾರಿ ಏನೂ ಇಲ್ಲ, ತಪ್ಪಿದ್ದರೆ ಕ್ಷಮಿಸಿ" ಅಂತ ಸೇರಿಸಿದರೆ ಅಲ್ಲಿಗೆ ಸುಮಾರು 15 ಸೆಕೆಂಡ್ ಖಾಲಿ. ನಾಲ್ಕರಲ್ಲಿ ಒಂದು ಪಾಲು ಹೋಯಿತು, ವಿಷಯ ಇನ್ನೂ ಬಂದೇ ಇಲ್ಲ. ಒಂದು ನಿಮಿಷದ ಮಾತಿಗೆ ಸಲಾಂ ಸಾಕು. ಅಧ್ಯಕ್ಷರಿಗೆ ಇದರಿಂದ ಬೇಸರ ಆಗುವುದಿಲ್ಲ. ಅವರನ್ನು ನಾಲ್ಕು ಮಂದಿ ಆಗಲೇ ಕರೆದಾಗಿರುತ್ತದೆ.

ಇನ್ನು ನೆನಪಿನ ವಿಷಯ. ಕಾಗದದಲ್ಲಿ ಬರೆದುಕೊಳ್ಳುವಷ್ಟು ಸಮಯ ಇಲ್ಲ, ಬರೆದರೂ ನಿಂತಾಗ ಕೈ ನಡುಗಿ ಓದಲು ಆಗುವುದಿಲ್ಲ. ಆದರೆ ನಮ್ಮಲ್ಲಿ ಪ್ರತಿಯೊಬ್ಬರಿಗೂ ನಮಾಝಿನ ನಂತರ ಬೆರಳಿನ ಗೆಣ್ಣಿನಲ್ಲಿ ತಸ್ಬೀಹ್ ಎಣಿಸಿ ರೂಢಿ ಇದೆ. ಹೆಬ್ಬೆರಳು ಒಂದೊಂದೇ ಬೆರಳನ್ನು ಮುಟ್ಟಿಕೊಂಡು ಹೋಗುತ್ತದೆ, ಲೆಕ್ಕ ತಪ್ಪುವುದಿಲ್ಲ. ಅದೇ ಕೈಯನ್ನು ಮಾತಿಗೂ ಬಳಸಬಹುದು. ತೋರುಬೆರಳು: ನಾನು ಹೇಳುವ ಒಂದೇ ಮಾತು. ನಡುಬೆರಳು: ಯಾಕೆ. ಉಂಗುರಬೆರಳು: ನಾನು ಕಂಡ ಒಂದು ಘಟನೆ. ಕಿರುಬೆರಳು: ಕೇಳಿದವರು ಮಾಡಬೇಕಾದ ಒಂದು ಕೆಲಸ. ಹೆಬ್ಬೆರಳು ಕಿರುಬೆರಳನ್ನು ಮುಟ್ಟಿದರೆ ಮಾತು ಮುಗಿಯಿತು, ಮೈಕ್ ಕೊಟ್ಟುಬಿಡಬೇಕು.

ಇದರ ಹಿಂದಿನ ಕ್ರಮ ನನ್ನ ಸ್ವಂತದ್ದಲ್ಲ. 1924ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಶುರುವಾದ ಟೋಸ್ಟ್‌ಮಾಸ್ಟರ್ಸ್ ಕ್ಲಬ್‌ಗಳು ಇಲ್ಲಿ ಗಲ್ಫ್‌ನಲ್ಲೂ ಇವೆ. ಅಲ್ಲಿ ಟೇಬಲ್ ಟಾಪಿಕ್ಸ್ ಅಂತ ಒಂದು ಭಾಗ ಇರುತ್ತದೆ. ಪ್ರಶ್ನೆ ಆಗಲೇ ಗೊತ್ತಾಗುವುದು, ಎದ್ದು ಒಂದರಿಂದ ಎರಡು ನಿಮಿಷ ಮಾತಾಡಬೇಕು. ಅಂಥ ಮಾತಿಗೆ ಕಲಿಸುವ ಪ್ರಸಿದ್ಧ ಕ್ರಮ ಇದು: ಮಾತು, ಕಾರಣ, ಉದಾಹರಣೆ, ಮತ್ತೆ ಅದೇ ಮಾತು. ನಾನು ಕೊನೆಯದನ್ನು ಮಾತ್ರ ಬದಲಾಯಿಸಿದ್ದೇನೆ. ಒಂದೇ ನಿಮಿಷದಲ್ಲಿ ಹೇಳಿದ್ದನ್ನೇ ಮತ್ತೊಮ್ಮೆ ಹೇಳುವುದು ದುಂದು. ಆ ಜಾಗದಲ್ಲಿ ಜನರಿಗೆ ಒಂದು ಕೆಲಸ ಕೊಡುವುದು ಒಳ್ಳೆಯದು ಅಂತ ನನ್ನ ಅಭಿಪ್ರಾಯ.

ಮಾತಾಡುವಾಗ ತೋರುಬೆರಳಿನಿಂದ ಕಿರುಬೆರಳಿಗೆ ಹೋಗುತ್ತೇವೆ. ಆದರೆ ತಯಾರಿ ಉಲ್ಟಾ, ಕಿರುಬೆರಳಿನಿಂದ. ಇದು ಮುಖ್ಯ, ಸ್ವಲ್ಪ ಗಮನ ಕೊಡಿ. ಮೊದಲ 15 ಸೆಕೆಂಡ್, ಜನ ಏನು ಮಾಡಬೇಕು ಅಂತ ನಿರ್ಧರಿಸಿ. ಮುಂದಿನ 25 ಸೆಕೆಂಡ್, ಅದಕ್ಕೆ ಹೊಂದುವ ಒಂದು ಘಟನೆ ಹುಡುಕಿ. ಇವೆರಡು ಸಿಕ್ಕಿದರೆ ತೋರುಬೆರಳಿನ ಮಾತು ತಾನಾಗಿ ಬರುತ್ತದೆ, ಅದಕ್ಕೆ 10 ಸೆಕೆಂಡ್ ಸಾಕು. ಉಳಿದ 10 ಸೆಕೆಂಡಿನಲ್ಲಿ ಸಲಾಮಿನ ನಂತರದ ಮೊದಲ ವಾಕ್ಯವನ್ನು ತುಟಿ ಅಲ್ಲಾಡಿಸದೆ ಒಮ್ಮೆ ಪೂರ್ತಿ ಹೇಳಿಕೊಳ್ಳಿ. ನಡುಬೆರಳಿಗೆ ತಯಾರಿಯೇ ಬೇಡ. ಘಟನೆ ನಿಮ್ಮದೇ ಆಗಿದ್ದರೆ ಯಾಕೆ ಅಂತ ನಿಮಗೆ ಗೊತ್ತೇ ಇರುತ್ತದೆ.

ಒಂದು ಸಂದರ್ಭ ಇಟ್ಟುಕೊಳ್ಳೋಣ. ಒಬ್ಬ ಅಂಗಡಿ ಕೆಲಸದವರನ್ನು ಕರೆದು, "ರೂಮಿನ ಜೀವನದ ಬಗ್ಗೆ ಒಂದು ನಿಮಿಷ ಹೇಳಿ" ಅಂದರು ಅಂತ ತಿಳಿಯಿರಿ. ವಿಷಯ ಸಮುದ್ರದಷ್ಟಿದೆ. ಅಡುಗೆ, ಬಾಡಿಗೆ, ಜಗಳ, ಊರಿನ ನೆನಪು, ಎಲ್ಲವೂ ಅದರೊಳಗೆ ಬರುತ್ತದೆ. ಅವರು ಅದನ್ನು ಕತ್ತರಿಸಿ ಒಂದು ತುಂಡು ತೆಗೆದುಕೊಳ್ಳುತ್ತಾರೆ. ಕಿರುಬೆರಳಿಗೆ: ಮನೆಯ ನಂಬರ್ ಬರೆದು ಅಂಟಿಸಿ. ಉಂಗುರಬೆರಳಿಗೆ: ಆಸ್ಪತ್ರೆ, ಲಾಕ್ ಆದ ಫೋನ್. ತೋರುಬೆರಳಿಗೆ: ಪಕ್ಕದವರ ಮನೆ ನಂಬರ್. ಬೆರಳುಗಳಲ್ಲಿ ಇರುವುದು ವಾಕ್ಯ ಅಲ್ಲ, ಚಿತ್ರ. ಕಪಾಟಿನ ಬಾಗಿಲು, ಆಸ್ಪತ್ರೆಯ ಕೌಂಟರ್, ಪಕ್ಕದ ಮಂಚ. ಮನೆಯಲ್ಲಿ ಬ್ಯಾರಿ ಮಾತಾಡಿ ವೇದಿಕೆಯಲ್ಲಿ ಕನ್ನಡ ಮಾತಾಡುವ ನಮಗೆ ಇದರಿಂದ ದೊಡ್ಡ ಅನುಕೂಲ. ಪದ ಬಾಯಿಪಾಠ ಮಾಡಿದರೆ ಒಂದು ಕನ್ನಡ ಪದ ಮರೆತ ಕೂಡಲೇ ಇಡೀ ಮಾತು ನಿಲ್ಲುತ್ತದೆ. ಚಿತ್ರ ನೆನಪಿದ್ದರೆ ಯಾವ ಭಾಷೆಯಲ್ಲಿ ಬಂತೋ ಆ ಭಾಷೆಯಲ್ಲಿ ಹೇಳಿದರಾಯಿತು.

ಈಗ ಅವರ ಮಾತು ಕೇಳಿ:

"ಅಸ್ಸಲಾಮು ಅಲೈಕುಂ. ನಿಮ್ಮ ರೂಮಿನಲ್ಲಿ ಪಕ್ಕದ ಮಂಚದಲ್ಲಿ ಮಲಗುವವರ ಮನೆಯ ನಂಬರ್ ನಿಮ್ಮ ಹತ್ತಿರ ಇರಬೇಕು, ನಿಮ್ಮದು ಅವರ ಹತ್ತಿರ ಇರಬೇಕು. ಯಾಕೆಂದರೆ ನಮಗೆ ಏನಾದರೂ ಆದ ದಿನ ನಮ್ಮ ಫೋನ್ ಬೇರೆಯವರ ಕೈಯಲ್ಲಿ ತೆರೆದುಕೊಳ್ಳುವುದಿಲ್ಲ. ನಮ್ಮ ರೂಮಿನ ಒಬ್ಬರು ಕೆಲಸದ ಜಾಗದಲ್ಲಿ ಕುಸಿದು ಬಿದ್ದರು. ಆಸ್ಪತ್ರೆಯ ಕೌಂಟರಿನಲ್ಲಿ ಮನೆಯವರ ನಂಬರ್ ಕೇಳಿದರು. ಫೋನ್ ಅವರ ಕಿಸೆಯಲ್ಲೇ ಇತ್ತು, ಲಾಕ್ ಆಗಿತ್ತು. ಎಂಟು ವರ್ಷ ಜೊತೆಗೆ ಉಂಡ ನಮಗೆ ಅವರ ಊರು ಗೊತ್ತಿತ್ತು, ಹೆಂಡತಿಯ ನಂಬರ್ ಗೊತ್ತಿರಲಿಲ್ಲ. ಊರಿನ ಮಸೀದಿಗೆ ಫೋನ್ ಮಾಡಿ, ಅಲ್ಲಿಂದ ಅಂಗಡಿಗೆ, ಅಂಗಡಿಯಿಂದ ಮನೆಗೆ ವಿಷಯ ತಲುಪುವಾಗ ರಾತ್ರಿ 11 ಗಂಟೆ. ಇವತ್ತು ರೂಮಿಗೆ ಹೋದ ಕೂಡಲೇ, ಊಟಕ್ಕೆ ಕೂರುವ ಮೊದಲು, ಊರಿನ ಎರಡು ನಂಬರ್ ಕಾಗದದಲ್ಲಿ ಬರೆದು ನಿಮ್ಮ ಕಪಾಟಿನ ಬಾಗಿಲಿನ ಒಳಗೆ ಅಂಟಿಸಿ."

ಅಷ್ಟೇ. ಎಣಿಸಿ ನೋಡಿ, 85 ಪದದ ಆಸುಪಾಸು ಬರುತ್ತದೆ. ಉಸಿರಾಡಲು, ಜನ ಕೇಳಿಸಿಕೊಳ್ಳಲು ಸ್ವಲ್ಪ ಜಾಗ ಉಳಿದಿದೆ. ಸುಮಾರು ಅರ್ಧದಷ್ಟು ಪದ ಉಂಗುರಬೆರಳಿಗೇ ಹೋಗಿದೆ, ಹಾಗೆಯೇ ಆಗಬೇಕು. ಇಲ್ಲಿ ಏನು ಬಿಟ್ಟಿದ್ದಾರೆ ಅಂತಲೂ ನೋಡಿ. ಫೋನಿನ ಲಾಕ್ ತೆಗೆಯದೆಯೇ ಕಾಣುವ ಹಾಗೆ ತುರ್ತು ನಂಬರ್ ಹಾಕಿಡಲು ಈಗಿನ ಫೋನ್‌ಗಳಲ್ಲಿ ಅವಕಾಶ ಇದೆ. ಉಪಯೋಗದ ವಿಷಯವೇ, ಆದರೆ ಅದನ್ನು ಹೇಳಲು ಹೊರಟರೆ ಸೆಟ್ಟಿಂಗ್ ಎಲ್ಲಿ, ಯಾವ ಫೋನಿನಲ್ಲಿ ಹೇಗೆ ಅಂತ ಎರಡು ನಿಮಿಷ ಬೇಕು, ಕಾಗದ ಅಂಟಿಸುವ ಮಾತು ಮರೆತುಹೋಗುತ್ತದೆ. ಹಾಗೆಯೇ ಕುಸಿದು ಬಿದ್ದವರು ಆಮೇಲೆ ಏನಾದರು ಅಂತ ಅವರು ಹೇಳಲಿಲ್ಲ. ಕೇಳಬೇಕೆನಿಸಿದವರು ಚಾ ಕುಡಿಯುವಾಗ ಬಂದು ಕೇಳುತ್ತಾರೆ. ಆಗ ಲಾಕಿನ ವಿಷಯವನ್ನೂ ಹೇಳಬಹುದು.

ಎಲ್ಲಿ ಕೆಡುತ್ತದೆ? ಹೆಚ್ಚಾಗಿ ಉಂಗುರಬೆರಳಿನಲ್ಲೇ. ಘಟನೆ ಹೇಳುವಾಗ, "ಅದು ಮಂಗಳವಾರ, ಅಲ್ಲ, ಬುಧವಾರ ಇರಬೇಕು, ನಾನಾಗ ಹಳೇ ಬಿಲ್ಡಿಂಗಿನಲ್ಲಿದ್ದೆ" ಅಂತ ಶುರುವಾದರೆ ಮಾತು ಬೇರೆ ದಾರಿ ಹಿಡಿಯಿತು ಅಂತ ಅರ್ಥ. ಘಟನೆಯನ್ನು ಅದು ಆದ ಜಾಗದಿಂದಲೇ ಶುರು ಮಾಡಿ, ಐದಾರು ವಾಕ್ಯದಲ್ಲಿ ಮುಗಿಸಿ. ಎರಡನೆಯ ಘಟನೆ ನೆನಪಾಗುತ್ತದೆ, ಯಾವಾಗಲೂ ನೆನಪಾಗುತ್ತದೆ. ಅದನ್ನು ಮನೆಯಲ್ಲೇ ಇಡಿ. ಇನ್ನೊಂದು, ಕಿರುಬೆರಳು ಮುಟ್ಟಿದ ಮೇಲೂ ನಿಲ್ಲಿಸಲು ಆಗದಿರುವುದು. "ಹಾಗಾಗಿ", "ಒಟ್ಟಿನಲ್ಲಿ", "ಇನ್ನೊಂದು ವಿಷಯ ಹೇಳಿ ಮುಗಿಸುತ್ತೇನೆ" ಅನ್ನುವ ಪದಗಳು ಬಾಯಿಗೆ ಬಂದವೆಂದರೆ ಮಾತು ಆಗಲೇ ಮುಗಿದಿದೆ, ಕಾಲು ಮಾತ್ರ ವೇದಿಕೆಯಲ್ಲಿ ಉಳಿದಿದೆ. ನಡುವೆ ಮರೆತರೆ? ಮರೆತೆ ಅಂತ ಹೇಳಬೇಡಿ. ಹೆಬ್ಬೆರಳನ್ನು ಮುಂದಿನ ಬೆರಳಿಗೆ ಸರಿಸಿ, ಅಲ್ಲಿರುವ ಚಿತ್ರ ಹೇಳಿ. ನಡುಬೆರಳು ಪೂರ್ತಿ ಹಾರಿಹೋದರೂ ಕೇಳುವವರಿಗೆ ಗೊತ್ತಾಗುವುದಿಲ್ಲ. ಕಿರುಬೆರಳು ಹಾರಿದರೆ ಮಾತ್ರ ಮಾತು ಅರ್ಧದಲ್ಲಿ ನಿಂತ ಹಾಗೆ.

ಎಲ್ಲ ಮಾತಿಗೂ ಈ ಕೈ ಹೊಂದುವುದಿಲ್ಲ. ಎಕ್ಸಿಟ್ ಹಾಕಿ ಊರಿಗೆ ಹೋಗುವವರ ಬೀಳ್ಕೊಡುಗೆಯಲ್ಲಿ ಜನರಿಗೆ ಕೆಲಸ ಕೊಡುವುದು ಚಂದ ಅಲ್ಲ. ಅಲ್ಲಿ ಮೂರು ಬೆರಳು ಸಾಕು: ಅವರನ್ನು ಮೊದಲು ಕಂಡದ್ದು, ಈಗ ಅವರಿಂದ ನಮಗೆ ಉಳಿದದ್ದು, ಮುಂದೆ ಅವರಿಗೆ ದುಆ. ಸಂಘದ ಲೆಕ್ಕಪತ್ರವನ್ನು ಮಾತ್ರ ದಯವಿಟ್ಟು ಬೆರಳಲ್ಲಿ ಹೇಳಬೇಡಿ, ಕಾಗದ ನೋಡಿಯೇ ಓದಿ. ಇಬ್ಬರ ನಡುವಿನ ತಕರಾರಿನ ಬಗ್ಗೆ ಒಂದು ನಿಮಿಷ ಮಾತಾಡಿ ಅಂತ ಯಾರಾದರೂ ಮೈಕ್ ಕೊಟ್ಟರೆ, ಸಲಾಂ ಹೇಳಿ ಮೈಕ್ ವಾಪಸ್ ಕೊಡುವುದು ಒಳ್ಳೆಯದು. ಅದು ಎರಡೂ ಕಡೆ ಕೂರಿಸಿ ಕೇಳುವ ವಿಷಯ, ಒಂದು ನಿಮಿಷದ್ದಲ್ಲ.

ಈಗ ಪ್ರಯೋಗ ಮಾಡೋಣ. ಈ ಡಬ್ಬಿಯಲ್ಲಿ ಚೀಟಿಗಳಿವೆ. ಊರಿಗೆ ಕಳಿಸುವ ಹಣ, ಮಕ್ಕಳ ಜೊತೆ ವಿಡಿಯೋ ಕಾಲ್, ಶುಗರ್ ಮಾತ್ರೆ, ಊರಿಗೆ ಹೋಗುವಾಗಿನ ಲಗೇಜ್ ಅಂತೆಲ್ಲ ಬರೆದಿದೆ. ಒಬ್ಬರು ಚೀಟಿ ಎತ್ತಬೇಕು, ಪಕ್ಕದವರು ಫೋನಿನಲ್ಲಿ ಸಮಯ ನೋಡಬೇಕು. 40 ಸೆಕೆಂಡ್ ಆದಾಗ ಅವರು ಕೈ ಎತ್ತುತ್ತಾರೆ. ನೀವು ಇನ್ನೂ ಘಟನೆಯಲ್ಲೇ ಇದ್ದರೆ ಒಂದು ವಾಕ್ಯದಲ್ಲಿ ಮುಗಿಸಿ ಕಿರುಬೆರಳಿಗೆ ಬನ್ನಿ. ಹಿಂದಿನ ಸಾಲಿನಲ್ಲಿ ನಗುತ್ತಿರುವ ಕಾಕ, ಮೊದಲ ಚೀಟಿ ನಿಮಗೆ.