ನಾಣ್ಯದಾಟದಲ್ಲಿ ಅಡಗಿರುವ ಒಂದು ಅನಂತ ಶ್ರೇಣಿ

(ಸುವರ್ಣ ಮಹೋತ್ಸವದ ಅಂಗವಾಗಿ ನಡೆದ ಗಣಿತ ಗೋಷ್ಠಿಯಲ್ಲಿ ಶಾಲೆಯ ಹಳೆಯ ವಿದ್ಯಾರ್ಥಿಯೊಬ್ಬರು ಮಾಡಿದ ಉಪನ್ಯಾಸದ ಬರಹರೂಪ)



ಕಾಲೇಜಿನಲ್ಲಿ ನಾನು ಪಾಠ ಮಾಡುವ ಒಂದು ಲೆಕ್ಕವನ್ನು ಇಲ್ಲಿಗೆ ತಂದಿದ್ದೇನೆ. ಹತ್ತನೆಯ ತರಗತಿಯವರಿಗೆ ಹೆಸರು ಹೊಸದಿರಬಹುದು. ಆದರೆ ಒಳಗಿರುವುದೆಲ್ಲ ನಿಮಗೆ ಗೊತ್ತಿರುವ ಗುಣಾಕಾರ, ಭಾಗಾಕಾರ ಮತ್ತು ಗುಣೋತ್ತರ ಶ್ರೇಢಿ.

ಇಬ್ಬರು ನಾಣ್ಯ ಚಿಮ್ಮಿ ಆಡುತ್ತಿದ್ದಾರೆ ಎನ್ನಿ. ಹೆಡ್ ಬಿದ್ದರೆ ಒಬ್ಬನಿಗೆ ಒಂದು ರೂಪಾಯಿ, ಟೇಲ್ ಬಿದ್ದರೆ ಇನ್ನೊಬ್ಬನಿಗೆ. ಎರಡು ಸಲ ಚಿಮ್ಮಿದಾಗ ಆಗಬಹುದಾದ 4 ರೀತಿಗಳಲ್ಲಿ 2ರಲ್ಲಿ ಲೆಕ್ಕ ಸಮವಾಗುತ್ತದೆ. ನಾಲ್ಕು ಸಲ ಚಿಮ್ಮಿದರೆ 16ರಲ್ಲಿ 6, ಆರು ಸಲ ಚಿಮ್ಮಿದರೆ 64ರಲ್ಲಿ 20. ಈ 2, 6, 20, 70, 252 ಎಂಬ ಸಂಖ್ಯೆಗಳು ಮೇರುಪ್ರಸ್ತಾರದ, ಅಂದರೆ ನೀವು ಪ್ಯಾಸ್ಕಲನ ತ್ರಿಕೋನ ಎಂದು ಓದುವ ಆಕೃತಿಯ, ನಟ್ಟನಡುವಿನ ಸಂಖ್ಯೆಗಳು. ಇಂಥ ಆಯ್ಕೆಗಳನ್ನು ಎಣಿಸುವ ಸಾಮಾನ್ಯ ಸೂತ್ರವನ್ನು ನೃಪತುಂಗನ ಕಾಲದಲ್ಲಿದ್ದ ಮಹಾವೀರಾಚಾರ್ಯರು ‘ಗಣಿತಸಾರಸಂಗ್ರಹ’ದಲ್ಲಿ ಕೊಟ್ಟಿದ್ದಾರೆ. ಇಂದು ನಾವು ಅದನ್ನು ಫ್ಯಾಕ್ಟೋರಿಯಲ್‌ಗಳಲ್ಲಿ (2n)!/(n!)² ಎಂದು ಬರೆಯುತ್ತೇವೆ. ಈಗ ಅವುಗಳನ್ನು x ನ ಘಾತಗಳ ಜೊತೆ ಪೋಣಿಸೋಣ:

1 + 2x + 6x² + 20x³ + 70x⁴ + …

ಇದೊಂದು ಘಾತ ಶ್ರೇಣಿ. x ಗೆ ಯಾವ ಬೆಲೆ ಕೊಟ್ಟರೆ ಈ ಕೊನೆಯಿಲ್ಲದ ಮೊತ್ತ ಒಂದು ಸಂಖ್ಯೆಗೆ ಬಂದು ನೆಲೆಸುತ್ತದೆ? ಹಾಗೆ ನೆಲೆಸುವುದನ್ನು ಅಭಿಸರಣ ಎನ್ನುತ್ತಾರೆ. x = 1/4 ಎಂದಾಗ ಪದಗಳು 1, 2/4, 6/16, 20/64 ಆಗುತ್ತವೆ. ಮೊದಲ 1 ಆಟದ ಆರಂಭ, ಉಳಿದವು ಈಗಷ್ಟೇ ಕಂಡ ಸಂಭವನೀಯತೆಗಳು. ಅವನ್ನೆಲ್ಲ ಕೂಡಿದರೆ, ಆಟ ನಿಲ್ಲದೆ ನಡೆದಾಗ ಲೆಕ್ಕ ಸರಾಸರಿ ಎಷ್ಟು ಸಲ ಸಮವಾಗುತ್ತದೆ ಎಂಬುದು ಸಿಗುತ್ತದೆ. ಆ 1/4 ಎಂಬ ಬಿಂದುವೇ ಇಂದಿನ ತೊಡಕು.

ಮೊದಲು ತ್ರಿಜ್ಯ. ಫ್ಯಾಕ್ಟೋರಿಯಲ್ ಕಂಡಲ್ಲಿ ಅನುಪಾತ ಪರೀಕ್ಷೆ ಹಿಡಿಯುವುದು ಒಳ್ಳೆಯದು, ಏಕೆಂದರೆ ಒಂದು ಪದವನ್ನು ಹಿಂದಿನ ಪದದಿಂದ ಭಾಗಿಸಿದಾಗ ಬಹುಪಾಲು ಹೊಡೆದುಹೋಗುತ್ತದೆ. ಇಲ್ಲಿ (2n+2)! ಎಂಬುದನ್ನು (2n+2)(2n+1)(2n)! ಎಂದು ಬಿಡಿಸಬೇಕು, ಎರಡು ಅಪವರ್ತನಗಳು ಹೊರಬರುತ್ತವೆ. ಕೆಳಗಿನ (n+1)! ವರ್ಗದಿಂದ (n+1)² ಬರುತ್ತದೆ. ಹೀಗಾಗಿ ಅನುಪಾತ

(2n+2)(2n+1)|x| / (n+1)² = 2(2n+1)|x| / (n+1)

n ಬೆಳೆದಂತೆ ಇದು 4|x| ಗೆ ಹತ್ತಿರವಾಗುತ್ತದೆ. 4|x| ಒಂದಕ್ಕಿಂತ ಕಡಿಮೆ ಇದ್ದರೆ ಶ್ರೇಣಿ ಕೊನೆಕೊನೆಗೆ ಸಾಮಾನ್ಯ ಅನುಪಾತ ಒಂದಕ್ಕಿಂತ ಕಡಿಮೆಯಿರುವ ಗುಣೋತ್ತರ ಶ್ರೇಢಿಯಂತೆ ನಡೆದು ಅಭಿಸರಿಸುತ್ತದೆ. ಒಂದಕ್ಕಿಂತ ಹೆಚ್ಚಾದರೆ ಪದಗಳೇ ಬೆಳೆಯುತ್ತವೆ. ಆದ್ದರಿಂದ ತ್ರಿಜ್ಯ 1/4.

ಉತ್ತರಪತ್ರಿಕೆಗಳಲ್ಲಿ ನಾನು ಮತ್ತೆ ಮತ್ತೆ ಕಾಣುವುದು ಆ (2n+1) ಅನ್ನು ಬಿಟ್ಟು (2n+2)(2n)! ಎಂದಷ್ಟೇ ಬರೆಯುವುದನ್ನು. ಆಗ ಅನುಪಾತ ಸೊನ್ನೆಗಿಳಿದು ‘ತ್ರಿಜ್ಯ ಅನಂತ’ ಎಂಬ ಉತ್ತರ ಬರುತ್ತದೆ. ಸೂತ್ರವನ್ನು ನಂಬುವ ಮೊದಲು ಸಂಖ್ಯೆಗಳನ್ನೇ ಭಾಗಿಸಿ ನೋಡಿ: 6/2 = 3, 20/6 = 3.33, 70/20 = 3.5, 252/70 = 3.6. ನಾಲ್ಕರ ಕಡೆಗೆ ಹೋಗುತ್ತಿರುವುದು ಕಣ್ಣಿಗೇ ಕಾಣುತ್ತದೆ.

ಹಲವರು ಇಲ್ಲಿಗೇ ಅಡಿಗೆರೆ ಎಳೆದುಬಿಡುತ್ತಾರೆ. x ಸರಿಯಾಗಿ 1/4 ಅಥವಾ −1/4 ಆದಾಗ ಅನುಪಾತ 1ಕ್ಕೇ ಹೋಗುತ್ತದೆ, ಪರೀಕ್ಷೆ ಏನನ್ನೂ ಹೇಳುವುದಿಲ್ಲ. ಎರಡು ತುದಿಗಳನ್ನೂ ಬೇರೆ ಬೇರೆಯಾಗಿಯೇ ನೋಡಬೇಕು.

ಬಲತುದಿ, x = 1/4. ಪದಗಳು 1, 0.5, 0.375, 0.3125 ಎಂದು ಇಳಿಯುತ್ತಲೇ ಇವೆ. ಇಳಿದು ಸೊನ್ನೆಗೆ ಹೋಗುತ್ತವೆ ಎಂದ ಮಾತ್ರಕ್ಕೆ ಮೊತ್ತ ನೆಲೆಸುತ್ತದೆಯೇ? ಆರು ಚಿಮ್ಮುಗಳ ಪದ 20/64 ಅನ್ನು ಬಿಡಿಸಿ ಬರೆಯುತ್ತೇನೆ:

(1·3·5)/(2·4·6) = (3/2)·(5/4)·(1/6)

ಮೇಲಿನ 1, 3, 5 ಅನ್ನು ಒಂದು ಮನೆ ಸರಿಸಿ ಜೋಡಿಸಿದ್ದೇನೆ, ಅಷ್ಟೇ. 3/2 ಮತ್ತು 5/4 ಎರಡೂ ಒಂದಕ್ಕಿಂತ ಹೆಚ್ಚು, ಆದ್ದರಿಂದ ಈ ಪದ 1/6ಕ್ಕಿಂತ ದೊಡ್ಡದು. ಇದೇ ಉಪಾಯದಿಂದ n ನೆಯ ಪದ ಎಂದೂ 1/(2n) ಕ್ಕಿಂತ ಕಡಿಮೆಯಾಗದು. ಈಗ 1/2 + 1/4 + 1/6 + … ಎಂಬುದು 1 + 1/2 + 1/3 + … ನ ಅರ್ಧ. ಆ ಮೊತ್ತಕ್ಕೆ ಮಿತಿಯಿಲ್ಲ. 1/3 + 1/4 ಅರ್ಧಕ್ಕಿಂತ ಹೆಚ್ಚು, ಮುಂದಿನ ನಾಲ್ಕು ಪದಗಳು ಸೇರಿ ಅರ್ಧಕ್ಕಿಂತ ಹೆಚ್ಚು, ಅದರ ಮುಂದಿನ ಎಂಟೂ ಹಾಗೆಯೇ. ನಮ್ಮ ಶ್ರೇಣಿ ಅದರ ಅರ್ಧಕ್ಕಿಂತಲೂ ದೊಡ್ಡದಾದ್ದರಿಂದ 1/4ರಲ್ಲಿ ಅಭಿಸರಿಸುವುದಿಲ್ಲ. ನಾಣ್ಯದ ಭಾಷೆಯಲ್ಲಿ, ಆಟ ಸಾಗಿದಷ್ಟೂ ಲೆಕ್ಕ ಸಮವಾಗುವ ಸರಾಸರಿ ಸಲಗಳು ಮಿತಿಯಿಲ್ಲದೆ ಏರುತ್ತವೆ. ಏರುವುದು ಮಾತ್ರ ಬಹಳ ನಿಧಾನ: 100 ಚಿಮ್ಮುಗಳಲ್ಲಿ ಸುಮಾರು 7 ಸಲ, 10,000 ಚಿಮ್ಮುಗಳಲ್ಲಿ ಸುಮಾರು 79 ಸಲ. ಕ್ಯಾಲ್ಕುಲೇಟರ್ ಒತ್ತುತ್ತಾ ಕೂತವರಿಗೆ ಈಗಲೋ ಆಗಲೋ ನಿಂತೀತು ಅನ್ನಿಸುವುದು ಅದಕ್ಕೇ.

ತುದಿಯಿಂದ ಕೂದಲೆಳೆಯಷ್ಟು ಒಳಗೆ ಬಂದರೆ ಕಥೆಯೇ ಬೇರೆ. ನಾಣ್ಯ ಸ್ವಲ್ಪ ಸೊಟ್ಟಗಿದ್ದು ನೂರಕ್ಕೆ 60 ಸಲ ಹೆಡ್ ಬೀಳುತ್ತದೆ ಎನ್ನಿ. ಆಗ x ಎಂದರೆ 0.6 × 0.4 = 0.24. ತ್ರಿಜ್ಯದ ಒಳಗೆ ಈ ಶ್ರೇಣಿಯ ಮೊತ್ತ 1/√(1−4x) ಎಂಬುದು ದ್ವಿಪದ ಪ್ರಮೇಯದಿಂದ ತಿಳಿಯುತ್ತದೆ. 0.24 ಹಾಕಿದರೆ 1/√0.04, ಅಂದರೆ 5. ಆರಂಭದ 1 ಕಳೆದರೆ, ಜೀವಮಾನವಿಡೀ ಆಡಿದರೂ ಲೆಕ್ಕ ಸರಾಸರಿ ನಾಲ್ಕೇ ಸಲ ಸಮ! 0.24ಕ್ಕೆ ನಾಲ್ಕು, 0.25ಕ್ಕೆ ಅನಂತ.

ಎಡತುದಿ, x = −1/4. ಇಲ್ಲಿ ನಾಣ್ಯಕ್ಕೆ ಕೆಲಸವಿಲ್ಲ, ಸಂಭವನೀಯತೆ ಋಣವಾಗುವುದಿಲ್ಲವಲ್ಲ. ಪದಗಳು ಅವೇ, ಚಿಹ್ನೆ ಮಾತ್ರ ಅದಲುಬದಲು: 1 − 0.5 + 0.375 − 0.3125 + … ಲೈಬ್ನಿಜ್ ಪರೀಕ್ಷೆಗೆ ಎರಡು ಸಂಗತಿ ಬೇಕು. ಚಿಹ್ನೆ ಬಿಟ್ಟು ನೋಡಿದಾಗ ಪದಗಳು ಇಳಿಯುತ್ತಿರಬೇಕು. ಒಂದರಿಂದ ಮುಂದಿನದಕ್ಕೆ ಹೋಗಲು (2n+1)/(2n+2) ರಿಂದ ಗುಣಿಸುತ್ತೇವೆ, ಅದು ಒಂದಕ್ಕಿಂತ ಕಡಿಮೆ. ಜೊತೆಗೆ ಸೊನ್ನೆಗೂ ಹೋಗಬೇಕು. ಇಳಿಯುವುದೆಲ್ಲ ಸೊನ್ನೆಗೇ ಹೋಗಬೇಕೆಂದಿಲ್ಲ, ಆದ್ದರಿಂದ ಇದನ್ನು ತೋರಿಸಲೇಬೇಕು. ಅದೇ ಆರು ಚಿಮ್ಮುಗಳ ಪದದ ವರ್ಗ ತೆಗೆದುಕೊಳ್ಳಿ:

(1·3)/2² × (3·5)/4² × (5·7)/6² × 1/7

3/4, 15/16, 35/36 ಮೂರೂ ಒಂದಕ್ಕಿಂತ ಕಡಿಮೆ, ಹಾಗಾಗಿ ವರ್ಗ 1/7ಕ್ಕಿಂತ ಕಡಿಮೆ. ಸಾಮಾನ್ಯವಾಗಿ n ನೆಯ ಪದದ ವರ್ಗ 1/(2n+1) ಕ್ಕಿಂತ ಕಡಿಮೆ. ಅದು ಸೊನ್ನೆಗೆ ಹೋಗುತ್ತದೆ, ಪದವೂ ಹೋಗುತ್ತದೆ. ಎಡತುದಿಯಲ್ಲಿ ಶ್ರೇಣಿ ಅಭಿಸರಿಸುತ್ತದೆ. ಉತ್ತರದಲ್ಲಿ ಅಂತರಾಳವನ್ನು −1/4 ≤ x < 1/4 ಎಂದು ಬರೆಯಬೇಕು. ಎಡಗಡೆಯ ಆ ಸಮ ಚಿಹ್ನೆಯನ್ನು ಬಿಡಬಾರದು.

ಮೊತ್ತ ಎಷ್ಟು ಎಂದು ಕೇಳುವವರಿಗೆ: ತುದಿಯಲ್ಲಿ ಶ್ರೇಣಿ ಅಭಿಸರಿಸಿದರೆ ಒಳಗಿನ ಸೂತ್ರ ಅಲ್ಲಿಗೂ ಸಲ್ಲುತ್ತದೆ ಎಂದು ಆಬೆಲ್ 1826ರಲ್ಲಿ ತೋರಿಸಿದ. ಹಾಗಾಗಿ ಇದು 1/√2, ಅಂದರೆ 0.7071. ಆಂಶಿಕ ಮೊತ್ತಗಳು 1, 0.5, 0.875, 0.5625, 0.8359 ಎಂದು ಅತ್ತಿತ್ತ ತೂಗಾಡುತ್ತವೆ. ಅಕ್ಕಪಕ್ಕದ ಎರಡೆರಡರ ಸರಾಸರಿ ತೆಗೆದರೆ 0.75, 0.6875, 0.7188, 0.6992. ಹಲಗೆಯ ಮೇಲೆ ಜಾಗ ಮುಗಿಯಿತು. ಮುಂದಿನ ಪದ 252/1024. ಅದನ್ನು ನೀವೇ ಕಳೆದು ನೋಡಿ.